ಕಾಮನ ಹಾಡಿನಿಂದ 'ಹೊಲೆಮಾದಿಗರ ಹಾಡು'ವರೆಗೆ: ಬೈಗುಳ ಕಾವ್ಯಕ್ಕೆ ಬಂದ ದಾರಿ



ಕಳೆದ ಸಲ ಆದೋನಿಯಲ್ಲಿ ನಾವು ಸೇರಿದ್ದಾಗ ಕವಿಗೋಷ್ಠಿಯಲ್ಲಿ ಒಬ್ಬ ಹುಡುಗ ತನ್ನ ಪದ್ಯ ಓದಿದ. ಹತ್ತಿ ಮಿಲ್ಲಿನ ಕೂಲಿಯ ಬಗ್ಗೆ ಬರೆದ ಪದ್ಯ. ನಡುವೆ ಒಂದು ಬೈಗುಳ ಬಂತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಆ ಹಿರಿಯರು ನಮ್ಮನ್ನು ಕೇಳಿದ್ದು ಒಂದೇ ಮಾತು: "ಮನೆಯಲ್ಲಿ ಮಕ್ಕಳು ಅಂದರೆ ಬಾಯಿ ಮೇಲೆ ಹೊಡೀತೀವಿ. ಅದೇ ಮಾತು ವೇದಿಕೆಗೆ ಬಂದರೆ ಕವಿತೆ ಹೆಂಗಾಗ್ತದ್ರೀ?"

ಪ್ರಶ್ನೆ ನ್ಯಾಯವಾದದ್ದು. ಬರೆದು ತಿಳಿಸುತ್ತೇವೆ ಎಂದು ಅಂದು ಹೇಳಿದ್ದೆವು. ಆ ಮಾತಿನಂತೆ ಈ ಬರಹ. ವಿಷಯಕ್ಕೆ ಬೇಕಾದ್ದರಿಂದ ಕೆಲವು ಒರಟು ಪದಗಳನ್ನು ಇಲ್ಲಿ ಇದ್ದ ಹಾಗೆಯೇ ಬರೆದಿದ್ದೇವೆ. ಓದುಗರು ಮನ್ನಿಸಬೇಕು.

ಮೊದಲು, ಮರ್ಯಾದೆಯ ಗೆರೆ ಎಲ್ಲಿದೆ?

ಕಾವ್ಯದಲ್ಲಿ ಯಾವ ಪದ ಬರಬಾರದು ಎಂದು ನಮ್ಮ ಹಳೆಯ ಅಲಂಕಾರಶಾಸ್ತ್ರ ಸ್ಪಷ್ಟವಾಗಿಯೇ ಹೇಳುತ್ತದೆ. ಅದರಲ್ಲಿ ಎರಡು ದೋಷಗಳು ನಮ್ಮ ವಿಷಯಕ್ಕೆ ಸೇರಿದವು. ಒಂದು 'ಅಶ್ಲೀಲ'. ಕೇಳಿದರೆ ನಾಚಿಕೆಯಾಗುವ, ಹೇಸಿಗೆಯಾಗುವ ಅಥವಾ ಅಮಂಗಳ ಎನಿಸುವ ಪದಗಳು ಇದರಲ್ಲಿ ಬರುತ್ತವೆ. ಇನ್ನೊಂದು 'ಗ್ರಾಮ್ಯ'. ಈ ಪದವನ್ನು ಸ್ವಲ್ಪ ನಿಂತು ನೋಡಬೇಕು. ಗ್ರಾಮ್ಯ ಅಂದರೆ ಗ್ರಾಮದ್ದು, ಹಳ್ಳಿಯದು. ಅಂದರೆ ಹಳ್ಳಿಯವರು ಆಡುವ ಮಾತು ಎಂಬುದೇ ಕಾವ್ಯದಲ್ಲಿ ಒಂದು ದೋಷ.

ಆದೋನಿ, ಆಲೂರು ಕಡೆಯ ನಮಗೆ ಈ ಗೆರೆ ಇನ್ನೂ ಒಂದು ರೀತಿಯಲ್ಲಿ ತಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಮುಂದೆ ಕಚೇರಿಯ ಮಾತು ತೆಲುಗಾಯಿತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ, ಜಗಳದಲ್ಲಿ. ಪುಸ್ತಕದ ಕನ್ನಡವನ್ನು ಅಷ್ಟಾಗಿ ಓದದ ನಮ್ಮ ಮಕ್ಕಳು ತೆಲುಗಿನಲ್ಲಿ ಪರೀಕ್ಷೆ ಬರೆದು ಕನ್ನಡದಲ್ಲಿ ಬೈದಾಡುತ್ತಾರೆ. ಗ್ರಾಮ್ಯವನ್ನು ತೆಗೆದುಹಾಕಿದರೆ ನಮ್ಮ ಕನ್ನಡದಲ್ಲಿ ಉಳಿಯುವುದು ಎಷ್ಟು ಎಂದು ನಾವೇ ಯೋಚಿಸಬೇಕು.

ಅಪ್ಪಣೆ ಪಡೆದ ಬೈಗುಳ

ಬೈಗುಳ ಹಾಡಾಗುವುದು ನಮಗೆ ಹೊಸದಲ್ಲ. ಕಾಮನ ಹುಣ್ಣಿಮೆ ಬಂದರೆ ಹುಡುಗರು ಹಲಿಗೆ ಬಡಿಯುತ್ತ ಹೊರಡುತ್ತಾರೆ. ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎನ್ನುತ್ತಾರೆ. ಆಗ ಹಾಡುವ ಹಾಡುಗಳಲ್ಲಿ ದೇಹದ ಯಾವ ಭಾಗಕ್ಕೂ ರಿಯಾಯಿತಿ ಇಲ್ಲ. ಊರ ಗೌಡ, ಕರಣಂ, ಬಡ್ಡಿ ಸಾಹುಕಾರ, ಕಟ್ಟಿಗೆ ಕೊಡದ ಜಿಪುಣ ಎಲ್ಲರಿಗೂ ಅದರಲ್ಲಿ ಪಾಲು ಇರುತ್ತದೆ. ವರ್ಷವಿಡೀ ಯಾರ ಮುಂದೆ ಕೈಕಟ್ಟಿ ನಿಲ್ಲಬೇಕೋ ಅವರ ಮನೆಯ ಮುಂದೆಯೇ ಅಂದು ಅವರ ಹೆಸರು ಹಿಡಿದು ಹಾಡಬಹುದು. ಅವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಹಾಡು ಇನ್ನೂ ಜೋರಾಗುತ್ತದೆ.

ಮದುವೆಯಲ್ಲಿ ಇದೇ ಕೆಲಸವನ್ನು ಹೆಂಗಸರು ಮಾಡುತ್ತಾರೆ. ಬೀಗರನ್ನು ಹಂಗಿಸುವ ಹಾಡುಗಳಲ್ಲಿ ಬೀಗಿತಿಯ ನಡತೆ, ಬೀಗನ ಹೊಟ್ಟೆ, ಮದುವಣಿಗನ ಗಂಡಸುತನ ಯಾವುದೂ ಉಳಿಯುವುದಿಲ್ಲ. ಹಾಡುವವರು ದಿನವೂ ತಲೆ ಮೇಲೆ ಸೆರಗು ಹೊದ್ದು ಮಾವನ ಮುಂದೆ ಗಟ್ಟಿಯಾಗಿ ಮಾತಾಡದ ಸೊಸೆಯಂದಿರೇ.

ಆದೋನಿ ಮಂಡಲದ ಸಂತೆಕುಡ್ಲೂರಿನಲ್ಲಿ ಹೋಳಿ ಹಬ್ಬದಲ್ಲಿ ಗಂಡಸರು ಸೀರೆ ಉಟ್ಟು, ಒಡವೆ ಇಟ್ಟು, ಹೂ ಮುಡಿದು ರತಿ ಮನ್ಮಥರಿಗೆ ಪೂಜೆ ಸಲ್ಲಿಸುವುದನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದೀರಿ. ಅದು ಹರಕೆ, ಭಕ್ತಿಯ ಕೆಲಸ. ಅಲ್ಲಿ ಬೈಗುಳದ ಮಾತಿಲ್ಲ. ಆದರೂ ಒಂದು ಸಂಗತಿಯನ್ನು ಅದು ಚೆನ್ನಾಗಿ ತೋರಿಸುತ್ತದೆ. ಕಾಮನ ಹಬ್ಬದ ದಿನಗಳಲ್ಲಿ ಗಂಡು ಹೆಣ್ಣು, ದೊಡ್ಡವರು ಚಿಕ್ಕವರು ಎಂಬ ದಿನನಿತ್ಯದ ಕಟ್ಟು ಸಡಿಲವಾಗುತ್ತದೆ, ಊರೇ ಅದಕ್ಕೆ ಒಪ್ಪಿರುತ್ತದೆ.

ಈ ಬೈಗುಳಕ್ಕೆ ಗಡುವು ಇದೆ. ಕಾಮ ಸುಟ್ಟು, ಬಣ್ಣ ಆಡಿ, ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಮರುದಿನ ಅದೇ ಮಾತನ್ನು ಸಾಹುಕಾರನಿಗೆ ಅಂದರೆ ಹಬ್ಬವಲ್ಲ, ಹೊಡೆದಾಟ. ಊರು ಕೊಟ್ಟ ಅಪ್ಪಣೆಯನ್ನು ಸಂಜೆಗೆ ಊರಿಗೇ ಹಿಂದಿರುಗಿಸಬೇಕು. ಸಾಲ ಕೊಟ್ಟವನ ಲೆಕ್ಕದ ಪುಸ್ತಕ ಮರುದಿನವೂ ಹಾಗೇ ಇರುತ್ತದೆ. ಪ್ರತಿಭಟನೆಯ ಕವಿಗಳು ಈ ಬೈಗುಳವನ್ನು ಹಿಂದಿರುಗಿಸದೆ ಇಟ್ಟುಕೊಂಡರು. ವ್ಯತ್ಯಾಸ ಇರುವುದು ಇಲ್ಲಿ.

ಅಚ್ಚಿನಲ್ಲಿ ಸೋಸಿಹೋದದ್ದು

ಇಂಥ ಹಾಡುಗಳು ಪುಸ್ತಕದಲ್ಲಿ ಏಕೆ ಕಾಣುವುದಿಲ್ಲ? ಜನಪದ ಹಾಡು ಅಚ್ಚಾಗತೊಡಗಿದ ಕಾಲವನ್ನು ನೋಡಿದರೆ ತಿಳಿಯುತ್ತದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಬಂತು. ಹಳ್ಳಿಯ ಹೆಂಗಸರ ಹಾಡನ್ನು ಓದುಬರಹದವರ ಮುಂದೆ ತಲೆಯೆತ್ತಿ ನಿಲ್ಲಿಸಿದ ಪುಸ್ತಕ ಅದು. ಅದರ ಋಣ ದೊಡ್ಡದು. ಆದರೆ ಹೆಸರನ್ನು ಗಮನಿಸಿ: ಗರತಿ, ಅಂದರೆ ಮರ್ಯಾದಸ್ಥ ಗೃಹಿಣಿ. ಬೀಸುವ ಕಲ್ಲಿನ ಮುಂದೆ ತವರನ್ನು ನೆನೆಯುವ ಹೆಣ್ಣಿಗೆ ಮೊದಲ ಮಣೆ ಸಿಕ್ಕಿತು. ಅದೇ ಹೆಣ್ಣು ಮದುವೆಯ ಮನೆಯಲ್ಲಿ ಬೀಗನ ಧೋತರ ಬಿಚ್ಚಿಸಿ ಹಾಡುವಾಗ ಬರೆದುಕೊಳ್ಳುವವರ ಪೆನ್ನು ನಿಲ್ಲುವುದು ಸಹಜ. ಹಳ್ಳಿಯ ಹಾಡು ಕೀಳಲ್ಲ ಎಂದು ಸಾಬೀತು ಮಾಡಬೇಕಾಗಿದ್ದ ಕಾಲ ಅದು.

ವಚನಕಾರರಲ್ಲೂ ಇದಕ್ಕೆ ಹೋಲುವ ಸಂಗತಿ ಇದೆ. 12ನೇ ಶತಮಾನದ ಅಂಬಿಗರ ಚೌಡಯ್ಯನ ನಾಲಿಗೆ ಬಹಳ ಹರಿತ. ಡಾಂಭಿಕ ಭಕ್ತರನ್ನು, ಸೋಗಿನ ಗುರುಗಳನ್ನು ಆತ ಎಕ್ಕಡದಲ್ಲಿ ಹೊಡೆಯುವ ಮಾತಾಡುತ್ತಾನೆ. ಇತರ ಶರಣರು ಹೆಚ್ಚಾಗಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಚೌಡಯ್ಯ ಇಟ್ಟುಕೊಂಡದ್ದು ತನ್ನ ಹೆಸರನ್ನೇ, ಅದೂ ದೋಣಿ ನಡೆಸುವ ಕಸುಬಿನ ಸಮೇತ. ಬೈದದ್ದು ಯಾರು ಎಂದು ಕೇಳುವ ಅಗತ್ಯವೇ ಇಲ್ಲ. ಬೈಗುಳದ ಕೆಳಗೆ ರುಜು ಇದೆ. ಕಾಮನ ಹಾಡು ಗುಂಪಿನ ಬಾಯಿಂದ ಬರುತ್ತದೆ, ಹಾಡಿದವನು ಮರುದಿನ ತಪ್ಪಿಸಿಕೊಳ್ಳಬಹುದು. ಚೌಡಯ್ಯನಿಗೆ ಆ ಅನುಕೂಲ ಬೇಕಾಗಿರಲಿಲ್ಲ.

ಬೂಸಾದಿಂದ ಹಾಡಿಗೆ

ಈಗ ನಮ್ಮ ಕಾಲಕ್ಕೆ ಬರೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತನಾಡಿದರು. ಬೂಸಾ ಎಂದರೆ ನಮ್ಮ ಆದೋನಿಯ ಅಂಗಡಿಗಳಲ್ಲಿ ಬೈಗುಳವೇ ಅಲ್ಲ. ಹಿಂಡಿಯ ಜೊತೆ ಚೀಲದಲ್ಲಿ ತೂಗಿ ಮಾರುವ ದನದ ಮೇವು. ಆದರೆ ಆ ಸಂತೆಯ ಪದ ಸಾಹಿತ್ಯದ ಮೇಲೆ ಬಿದ್ದಾಗ ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಒಂದು ಪದ ಒರಟಾಗುವುದು ಅದರ ಅರ್ಥದಿಂದಲ್ಲ, ಅದನ್ನು ಯಾರು ಯಾವುದರ ಮೇಲೆ ಇಟ್ಟರು ಎಂಬುದರಿಂದ ಎಂದು ಇಡೀ ಕನ್ನಡ ನಾಡು ಆಗ ನೋಡಿತು.

ಆ ಗಲಾಟೆಯ ನಡುವೆ ಬೆಳೆದ ವಿದ್ಯಾರ್ಥಿಗಳಲ್ಲಿ ಒಬ್ಬರು ಸಿದ್ಧಲಿಂಗಯ್ಯ. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು. ಅವರ ಮೊದಲ ಸಂಕಲನ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಈ ಪುಸ್ತಕದ ಅತಿ ಒರಟು ಪದ ಒಳಗಿನ ಪುಟಗಳಲ್ಲಿಲ್ಲ, ಹೊದಿಕೆಯ ಮೇಲೆಯೇ ಇದೆ. ಹೊಲೆಯ, ಮಾದಿಗ ಎಂಬವು ಜಾತಿಯ ಹೆಸರುಗಳು. ಆದರೆ ಬೇರೆಯವರ ಬಾಯಲ್ಲಿ ಅವು ನೂರಾರು ವರ್ಷ ಬೈಗುಳಗಳಾಗಿದ್ದವು. ಆ ಬೈಗುಳವನ್ನು ತಿಂದವರೇ ಅದನ್ನು ಎತ್ತಿಕೊಂಡು ಪುಸ್ತಕದ ಹೆಸರು ಮಾಡಿದರು. ಆಮೇಲೆ ಪುಸ್ತಕದ ಅಂಗಡಿಯಲ್ಲಿ ನಿಂತು ಅದನ್ನು ಕೇಳುವ ದೊಡ್ಡ ಮನುಷ್ಯ ಆ ಪದವನ್ನು ಗೌರವದಿಂದ ಉಚ್ಚರಿಸಲೇಬೇಕು.

ಆ ಸಂಕಲನದ ಅತಿ ಪ್ರಸಿದ್ಧ ಪದ್ಯ, ಹೊಡೆಯಿರಿ ಒದೆಯಿರಿ ಎಂದು ಕೂಗುವ ಪದ್ಯ, ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಅದರಲ್ಲಿ ಎರಡು ಸಣ್ಣ ಸಂಗತಿಗಳಿವೆ.

ಮೊದಲನೆಯದು 'ಲಾ' ಎಂಬ ಅಕ್ಷರ. ಹಳೇ ಮೈಸೂರು ಕಡೆ ಬಾರ್ಲಾ, ಹೋಗ್ಲಾ ಎನ್ನುವುದು ನಮ್ಮ ಕಡೆಯ ಬಾರಲೇ, ಹೋಗಲೇ ಇದ್ದ ಹಾಗೆ. ಗೆಳೆಯನಿಗೆ ಅಂದರೆ ಸಲಿಗೆ, ದೊಡ್ಡವರಿಗೆ ಅಂದರೆ ಅಪಮಾನ. ಆದ್ದರಿಂದ ಆ ಪದ್ಯ ಮೇಲ್ಜಾತಿಯವರನ್ನು 'ಲಾ' ಎಂದು ಕರೆದು ಅಪಮಾನಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಗಮನವಿಟ್ಟು ಓದಿದರೆ ಹಾಗಿಲ್ಲ. 'ಲಾ' ಎಂದು ಕರೆಯುತ್ತಿರುವುದು ತನ್ನ ಜೊತೆಯವರನ್ನು, ತನ್ನ ಕೇರಿಯವರನ್ನು. ಅದು ಸಲಿಗೆಯ 'ಲಾ'. ಯಾರನ್ನು ಹೊಡೆಯಬೇಕೋ ಅವರ ಜೊತೆ ಕವಿ ಮಾತೇ ಆಡುತ್ತಿಲ್ಲ. ಅವರ ಬಗ್ಗೆ, ಅವರು ಅಲ್ಲಿ ಇಲ್ಲವೇನೋ ಎಂಬಂತೆ, ಗೆಳೆಯರ ಜೊತೆ ಮಾತಾಡುತ್ತಿದ್ದಾನೆ. ಅಲ್ಲಿಯವರೆಗೆ ಕನ್ನಡ ಕವಿತೆಯ ಎದುರಿಗೆ ಕುಳಿತಿದ್ದವನು ಓದುಬರಹದ ಸಭ್ಯ ಓದುಗ. ಈ ಪದ್ಯದಲ್ಲಿ ಅವನು ಕದದ ಆಚೆ ನಿಂತು ಕೇಳಿಸಿಕೊಳ್ಳುವವನಾದ. ಅವನಿಗೆ ಕಸಿವಿಸಿಯಾದದ್ದು ಬೈಗುಳಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ ಎಂದು ನಮಗೆ ಅನಿಸುತ್ತದೆ.

ಎರಡನೆಯದು 'ನನ್ಮಗ' ಎಂಬ ಬೈಗುಳ. ಈ ಪದ್ಯದಲ್ಲಿ ಅದು ಬಹುವಚನದಲ್ಲಿ ಬರುತ್ತದೆ. ಬಿಡಿಸಿದರೆ ನನ್ನ ಮಗ. ಇದರಲ್ಲಿ ಕೆಟ್ಟದ್ದೇನಿದೆ ಎಂದು ನಮ್ಮ ಕಡೆಯ ಮಕ್ಕಳು ಕೇಳಬಹುದು. ನಿನ್ನ ಅಪ್ಪ ನಾನು ಎಂಬುದು ಅದರ ಒಳಗಿನ ಏಟು. ದಲಿತರನ್ನು ವಯಸ್ಸು ಎಷ್ಟೇ ಆಗಿದ್ದರೂ ಏಕವಚನದಲ್ಲಿ, ಚಿಕ್ಕ ಹುಡುಗರಂತೆ ಕರೆಯುವ ಊರಿನಲ್ಲಿ, ಅವರಲ್ಲಿ ಒಬ್ಬ ಎದ್ದು ಊರ ದೊಡ್ಡವರನ್ನು ನನ್ನ ಮಕ್ಕಳು ಅಂದರೆ ಹಿರಿತನ ಕಿರಿತನ ತಲೆಕೆಳಗಾಗುತ್ತದೆ.

ಆ ಪದ ತೆಗೆದು ಬೇರೆ ಹಾಕಿದರೆ ಏನಾಗುತ್ತದೆ? ಕವಿಯ ಸಾಲನ್ನು ಮುಟ್ಟದೆ ನಮ್ಮ ಊರಿನ ಮಾತಿನಲ್ಲೇ ಪರೀಕ್ಷೆ ಮಾಡೋಣ. ಮೂರು ವಾರ ಕೂಲಿ ಸಿಗದ ಹಮಾಲಿ ಮಿಲ್ಲಿನ ಬಾಗಿಲಲ್ಲಿ ನಿಂತು "ಕೂಲಿ ಕೊಡಲೇ" ಎನ್ನುತ್ತಾನೆ. ಅದನ್ನು "ದಯವಿಟ್ಟು ಕೂಲಿಯನ್ನು ಪಾವತಿಸಿರಿ" ಎಂದು ತಿದ್ದಿದರೆ ವ್ಯಾಕರಣ ಸರಿಯಾಯಿತು. ಆದರೆ ಈಗ ಮಾತಾಡುತ್ತಿರುವವನು ಹಮಾಲಿಯಲ್ಲ, ಅರ್ಜಿ ಬರೆಯುವ ಗುಮಾಸ್ತ. ಒಂದು ಅಕ್ಷರದ ಜೊತೆ ಆ ಮನುಷ್ಯನೇ ಹೊರಟುಹೋದ. ಬೇಕೆಂದೇ ಬಳಸಿದ ಒರಟು ಪದಕ್ಕೂ ಸುಮ್ಮನೆ ಬಾಯಿಗೆ ಬಂದ ಒರಟು ಪದಕ್ಕೂ ವ್ಯತ್ಯಾಸ ತಿಳಿಯುವುದು ಹೀಗೆ. ಪದ ತೆಗೆದಾಗ ಮಾತಾಡುವವನೇ ಬದಲಾದರೆ ಆ ಪದ ಅಲ್ಲಿ ಬೇಕಾಗಿತ್ತು. ಅವನು ಹಾಗೇ ಉಳಿದರೆ ಬೇಕಾಗಿರಲಿಲ್ಲ.

ಒರಟುತನ ಅವರಿಗೆ ಅನಿವಾರ್ಯವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1979ರ ಅವರ 'ಸಾವಿರಾರು ನದಿಗಳು' ಸಂಕಲನದ ಪ್ರಸಿದ್ಧ ಪದ್ಯದಲ್ಲಿ ಜನ ನದಿಗಳಂತೆ ಹರಿದು ಬರುತ್ತಾರೆ. ಅಲ್ಲಿ ಬೈಗುಳದ ಆಸರೆ ಬೇಕಾಗಿಲ್ಲ. ಯಾವಾಗ ಯಾವ ಮಾತು ಎಂದು ಆರಿಸುವ ಶಕ್ತಿ ಇದ್ದವರು ಅವರು.

ಗಡಿಯ ಈ ಕಡೆ

ತೆಲುಗಿನಲ್ಲಿ ಇದಕ್ಕೂ ಮೊದಲೇ ಇಂಥ ಒಂದು ಸ್ಫೋಟವಾಗಿತ್ತು. 1965ರಿಂದ 1968ರೊಳಗೆ ಆರು ಮಂದಿ 'ದಿಗಂಬರ ಕವುಲು' ಎಂದು ಕರೆದುಕೊಂಡು ಮೂರು ಸಂಪುಟ ತಂದರು. ಮೊದಲನೆಯದನ್ನು ಹೈದರಾಬಾದಿನಲ್ಲಿ ರಿಕ್ಷಾ ಎಳೆಯುವವರಿಂದ, ಎರಡನೆಯದನ್ನು ವಿಜಯವಾಡದಲ್ಲಿ ಹೋಟೆಲ್ ಕೆಲಸಗಾರರಿಂದ, ಮೂರನೆಯದನ್ನು ವಿಶಾಖಪಟ್ಟಣದಲ್ಲಿ ಭಿಕ್ಷೆ ಬೇಡುವ ಹೆಣ್ಣುಮಗಳಿಂದ ಬಿಡುಗಡೆ ಮಾಡಿಸಿದರು. ಅವರ ಅಶ್ಲೀಲ ಪದಗಳ ಗುರಿ ನಯವಾದ ಸಾಹಿತ್ಯದ ಬಟ್ಟೆ ಕಳಚುವುದು. ಆದರೆ ಬೆಚ್ಚಿಬೀಳಿಸುವ ಮಾತು ಬೇಗ ಸವೆಯುತ್ತದೆ. ಮೊದಲ ಸಲ ಕೇಳಿದವನು ಬೆಚ್ಚುತ್ತಾನೆ, ಮೂರನೇ ಸಲ ಕಾಯುತ್ತಾನೆ, ಆಮೇಲೆ ಆಕಳಿಸುತ್ತಾನೆ. 1970ರಲ್ಲಿ ವಿರಸಂ ಹುಟ್ಟಿದಾಗ ಆ ಆರರಲ್ಲಿ ನಾಲ್ವರು ಅದರೊಳಗೆ ಹೋದರು. ಬೈದರೆ ಸಾಲದು, ಸಂಘಟನೆ ಬೇಕು ಎಂಬ ದಾರಿ ಅದು.

ಕನ್ನಡದಲ್ಲಿ ಸವೆದದ್ದು ಬೇರೆ ರೀತಿ. ಹೊಡೆಯಿರಿ ಎಂದು ಬರೆದ ಕವಿಯೇ 2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮೆರವಣಿಗೆಯಲ್ಲಿ ಬಂದರು. 2021ರಲ್ಲಿ ತೀರಿಕೊಂಡಾಗ ಇಡೀ ನಾಡು ನಮಸ್ಕರಿಸಿತು. ಗೆರೆ ದಾಟಿದ ಪದ್ಯದ ಹಿಂದೆ ಗೆರೆಯೂ ಸ್ವಲ್ಪ ಸರಿದಿತ್ತು.

ಏಟು ಯಾರ ಮೇಲೆ ಬೀಳುತ್ತದೆ?

ಹೊರಗೆ ಹೋದ ಹಿರಿಯರ ಮಾತಿಗೆ ಈಗ ಮರಳೋಣ. ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ, ಅದನ್ನು ನಾವು ಮುಚ್ಚಿಡಬಾರದು. 'ನನ್ಮಗ' ಎಂಬ ಬೈಗುಳವನ್ನು ಮತ್ತೆ ನೋಡಿ. ಬೈಯುವವನು ಗಂಡಸು, ಬೈಸಿಕೊಳ್ಳುವವನೂ ಗಂಡಸು. ಆದರೆ ಮರ್ಯಾದೆ ಹೋದದ್ದು ಅಲ್ಲಿ ಇಲ್ಲದ ಒಬ್ಬ ತಾಯಿಯದು. 'ಸೂಳೆಮಗ' ಎಂಬುದೂ ಹಾಗೆಯೇ. 'ಮುಂಡೆ', 'ರಂಡೆ' ಎಂಬುವು ಗಂಡ ಸತ್ತ ಹೆಣ್ಣಿಗೆ ಇದ್ದ ಹೆಸರುಗಳು. ತಲೆ ಬೋಳಿಸಿದ ದುಃಖವೇ ಬೈಗುಳವಾಯಿತು. ಸಾಹುಕಾರನನ್ನು ಎದುರಿಸಲು ಹೊರಟ ಪದ್ಯದ ಏಟು ಸಾಹುಕಾರನನ್ನು ಬಿಟ್ಟು ಅವನ ಮನೆಯ ವಿಧವೆಯ ಮೇಲೆ ಬಿದ್ದರೆ ಅದು ಧೈರ್ಯವಲ್ಲ. ಅವಳು ಮೊದಲೇ ಎಲ್ಲರಿಂದ ಏಟು ತಿಂದವಳು. ನಾವು ಗೌರವಿಸುವ ಪದ್ಯಗಳಲ್ಲೂ ಈ ಕೊರತೆ ಇದೆ. ಅವನ್ನು ಮೆಚ್ಚುತ್ತಲೇ ಇದನ್ನೂ ಹೇಳಬಹುದು.

ಜಾತಿಯ ಹೆಸರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಿದ್ಧಲಿಂಗಯ್ಯನವರು ಹೊದಿಕೆಯ ಮೇಲೆ ಬರೆದುಕೊಂಡ ಪದವನ್ನು ಹೊರಗಿನವನೊಬ್ಬ ವೇದಿಕೆಯಲ್ಲಿ ಯಾರನ್ನಾದರೂ ಬೈಯಲು ಬಳಸಿದರೆ ಅದು ಕವಿತೆಯೂ ಅಲ್ಲ, ಪ್ರತಿಭಟನೆಯೂ ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಅವರಲ್ಲದವರು ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ತಿಂದ ಬೈಗುಳವನ್ನು ತಿಂದವನು ಎತ್ತಿಕೊಳ್ಳಬಹುದು. ಕೊಟ್ಟವನ ಮೊಮ್ಮಗ ಅದನ್ನು ಕಾವ್ಯದ ಹೆಸರಿನಲ್ಲಿ ಮತ್ತೆ ಕೊಡುವಂತಿಲ್ಲ.

ಆ ದಿನ ಹುಡುಗ ಓದಿದ ಪದ್ಯವನ್ನು ಈ ಬೆಳಕಿನಲ್ಲಿ ಮತ್ತೆ ಓದಿದೆವು, ಅವನನ್ನೂ ಕರೆದು ಮಾತಾಡಿದೆವು. ಅವನ ಪದ್ಯದಲ್ಲಿ 'ಲೇ' ಇತ್ತು. ಅದನ್ನು ತೆಗೆದರೆ ಪದ್ಯ ಸಾಯುತ್ತಿತ್ತು. ಹಿರಿಯರನ್ನು ಎಬ್ಬಿಸಿದ ಇನ್ನೊಂದು ಬೈಗುಳ ಮಾಲೀಕನ ತಾಯಿಯ ಮೇಲಿನದು. ಅದನ್ನು ತೆಗೆದು ಓದಿ ನೋಡು ಅಂದೆವು. ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ನನಗ ಬ್ಯಾರೆ ಮಾತು ಸಿಕ್ಕಿರಲಿಲ್ಲ ಸರ್, ಅದಕ್ಕ ಹಾಕಿದ್ದೆ" ಅಂದ. ಮುಂದಿನ ಗೋಷ್ಠಿಯಲ್ಲಿ ಆ ಪದ್ಯವನ್ನು ಮತ್ತೆ ಓದಲಿದ್ದಾನೆ. ಹಿರಿಯರೂ ಬರುತ್ತೇನೆ ಎಂದಿದ್ದಾರೆ.

ಒಂದು ಕೋರಿಕೆ

ನಮ್ಮ ಕಡೆಯ ಕಾಮನ ಹಾಡು, ಬೀಗರ ಹಾಡುಗಳನ್ನು ಬರೆದಿಡಲು ಹಲವರು ಮುಂದೆ ಬಂದಿದ್ದೀರಿ. ಬಂದ ಕೆಲವು ಪ್ರತಿಗಳಲ್ಲಿ ಪದದ ಜಾಗದಲ್ಲಿ ಚುಕ್ಕೆಗಳಿವೆ. ಕೆಲವರಲ್ಲಿ ಪದವನ್ನೇ ತಿದ್ದಿ ಸಭ್ಯ ಪದ ಹಾಕಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಜ್ಜಿ ಹೇಗೆ ಹಾಡಿದರೋ ಹಾಗೇ ಬರೆಯಿರಿ, ನಡುವೆ ತೆಲುಗು ಪದ ಬಂದರೂ ಬಿಡಿ. ಪಕ್ಕದಲ್ಲಿ ಯಾವ ಊರು, ಯಾವ ಸಂದರ್ಭ, ಯಾರನ್ನು ಕುರಿತು ಹಾಡುತ್ತಿದ್ದರು, ಕೇಳುವವರಲ್ಲಿ ಯಾರು ಇದ್ದರು ಎಂದು ಎರಡು ಸಾಲು ಸೇರಿಸಿ. ಈ ಎರಡು ಸಾಲು ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಓದುವವರಿಗೆ ಅದು ಬರೀ ಹೊಲಸು ಮಾತಾಗಿ ಕಾಣುತ್ತದೆ. ಹಾಡಿದವರು ಒಪ್ಪದಿದ್ದರೆ ಅವರ ಹೆಸರು ಬರೆಯಬೇಡಿ. ಹಾಡಿನಲ್ಲಿ ಬದುಕಿರುವ ಯಾರದಾದರೂ ಹೆಸರಿದ್ದರೆ ಆ ಹೆಸರನ್ನು ಮಾತ್ರ ಬಿಟ್ಟುಬಿಡಿ.

ಯಾವುದನ್ನು ವೇದಿಕೆಯ ಮೇಲೆ ಹಾಡಬೇಕು, ಯಾವುದನ್ನು ಸಂಗ್ರಹದಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸೋಣ. ಬರೆದಿಡುವಾಗ ಮಾತ್ರ ಸೋಸುವುದು ಬೇಡ.